ಗಾಡಿಯ ರುಚಿ, ಮನೆಯ ಕಡಾಯಿ



ಸಂಜೆಯಾಯಿತೆಂದರೆ ಜಮಖಂಡಿಯ ಪೇಟೆಯಲ್ಲಾಗಲಿ, ಮುಧೋಳ ಬೀಳಗಿಗಳ ಬಸ್ ನಿಲ್ದಾಣದ ಬಳಿಯಲ್ಲಾಗಲಿ ಒಂದು ಸಪ್ಪಳ ಕೇಳಬರುತ್ತದೆ. ಅದು ಕಬ್ಬಿಣದ ಕಡಾಯಿಗೆ ಸೌಟು ಬಡಿಯುವ ಸಪ್ಪಳ. ರಬಕವಿ-ಬನಹಟ್ಟಿಯಲ್ಲಿ ಹಗಲೆಲ್ಲ ಮಗ್ಗದ ಸದ್ದಿನಲ್ಲೇ ಬೆಳೆಯುವ ಹುಡುಗರಿಗೆ ಕೂಡ ಈ ಸಪ್ಪಳ ದೂರದಿಂದಲೇ ಕಿವಿಗೆ ಬೀಳುತ್ತದೆ. ‘ಫ್ರೈಡ್ ರೈಸ್’ ಎಂದೋ ‘ನೂಡಲ್ಸ್’ ಎಂದೋ ಅವರ ಹಟ ಆರಂಭವಾಗುತ್ತದೆ. ಇಂದು ನಾನು ಹೇಳಬೇಕೆಂದಿರುವದು ಇದೇ ತಿನಿಸನ್ನು ನಮ್ಮ ಸಂತೆಯ ಕಾಯಿಪಲ್ಯಗಳಿಂದ, ಸ್ವಲ್ಪವೇ ಎಣ್ಣೆಯಲ್ಲಿ, ಮನೆಯಲ್ಲಿ ಮಾಡುವ ಬಗೆಯನ್ನು.

ಇದಕ್ಕೆ ಚೀನೀ ತಿನಿಸು ಎಂದು ಹೆಸರು. ಆದರೆ ನಮ್ಮ ಗಾಡಿಗಳಲ್ಲಿ ಸಿಗುವ ಈ ರುಚಿ ಬಹುಮಟ್ಟಿಗೆ ನಮ್ಮ ದೇಶದಲ್ಲೇ ರೂಪುಗೊಂಡದ್ದು. ಕಲಕತ್ತೆಯಲ್ಲಿ ಬಂದು ನೆಲೆಸಿದ ಹಕ್ಕಾ ಜನಾಂಗದ ಚೀನೀಯರು ತಮ್ಮ ಅಡಿಗೆಗೆ ನಮ್ಮ ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ, ಅಲ್ಲಗಳನ್ನು ಧಾರಾಳವಾಗಿ ಕೂಡಿಸಿದರು. ಆ ಊರಿನ ಟ್ಯಾಂಗ್ರಾ ಎಂಬ ಬಡಾವಣೆ ಇಂದಿಗೂ ಈ ಅಡಿಗೆಗೆ ಹೆಸರಾಗಿದೆ. ಕಲಕತ್ತೆಯಲ್ಲೇ ಹುಟ್ಟಿ ಬೆಳೆದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರ ಸುಮಾರಿಗೆ ಮುಂಬಯಿಯಲ್ಲಿ ‘ಮಂಚೂರಿಯನ್’ ಎಂಬುದನ್ನು ಮಾಡಿದರೆಂದು ಹೇಳುತ್ತಾರೆ. ಅದರ ಶಾಕಾಹಾರಿ ರೂಪವೇ ನಮ್ಮ ಗೋಬಿ ಮಂಚೂರಿ. ಹೀಗೆ ಊರಿನಿಂದ ಊರಿಗೆ ಬರುವಾಗ ಸ್ಥಳದ ಸಾಮಗ್ರಿಯನ್ನು ಕೂಡಿಸಿಕೊಳ್ಳುತ್ತಲೇ ಬಂದ ಅಡಿಗೆ ಇದು. ನಾವು ಅದಕ್ಕೆ ನಮ್ಮ ಗಜ್ಜರಿ, ನಮ್ಮ ಚವಳಿಕಾಯಿ, ನಮ್ಮ ಶಾವಿಗೆಗಳನ್ನು ಕೂಡಿಸಿದರೆ ಯಾವ ಅಪಚಾರವೂ ಆಗದು.

ಬನಹಟ್ಟಿಯಲ್ಲಿ ನನ್ನ ತಂಗಿಯ ಮನೆಯಿದೆ. ಅವಳಿಗೆ ಹತ್ತು ವರುಷದ ಮಗ, ಏಳು ವರುಷದ ಮಗಳು. ಹೋದ ವರುಷ ನಾನು ಅಲ್ಲಿಗೆ ಹೋದಾಗ ಅವಳು ಹುಡುಗರಿಗಾಗಿ ಫ್ರೈಡ್ ರೈಸ್ ಮಾಡುತ್ತಿದ್ದಳು. ಕುಕ್ಕರಿನಿಂದ ಆಗತಾನೆ ಇಳಿಸಿದ ಬಿಸಿ ಅನ್ನ, ಹೆಚ್ಚಿದ ಕಾಯಿಪಲ್ಯ, ಉಪ್ಪು, ಸಾಸು ಎಲ್ಲವೂ ಒಮ್ಮೆಲೇ ಕಡಾಯಿಗೆ ಬಿದ್ದವು. ಅನ್ನ ತಳ ಹಿಡಿಯತೊಡಗಿತು. ಅವಳು ಎಣ್ಣೆ ಸುರಿದಳು. ಮತ್ತೆ ಹಿಡಿಯಿತು, ಮತ್ತೆ ಸುರಿದಳು. ಕೊನೆಗೆ ನೋಡಿದರೆ ಎಣ್ಣೆ ಒಂದು ಬಟ್ಟಲು ಮುಗಿದಿತ್ತು, ಅನ್ನ ಮಾತ್ರ ಮುದ್ದೆಯಾಗಿತ್ತು.

“ದೊಡ್ಡವ್ವಾ, ಗಾಡಿದರ ಹಂಗ ಉದುರುದುರು ಆಗಿಲ್ಲ ನೋಡ,” ಎಂದು ಮಗ ತಾಟನ್ನು ನನ್ನ ಕಡೆಗೆ ಸರಿಸಿದ.

“ಅಕ್ಕಾ, ಎಣ್ಣಿ ಇನ್ನಷ್ಟ ಹಾಕಬೇಕಿತ್ತೇನ?” ಎಂದು ತಂಗಿ ಕೇಳಿದಳು.

ಎಣ್ಣೆ ಸಾಲದೆ ಅದು ಕೆಟ್ಟಿರಲಿಲ್ಲ. ನೀರು ಹೆಚ್ಚಾಗಿ ಕೆಟ್ಟಿತ್ತು. ಈ ಅಡಿಗೆಯಲ್ಲಿ ತಿಳಿದಿರತಕ್ಕ ಮುಖ್ಯ ಸಂಗತಿ ಇದೊಂದೇ. ಅನ್ನ ಒದ್ದೆಯಾಗಿದ್ದರೆ ಅದರ ಮೇಲಿನ ಗಂಜಿ ಕಡಾಯಿಗೆ ಅಂಟುತ್ತದೆ. ಆ ಅಂಟನ್ನು ಬಿಡಿಸಲು ನಾವು ಎಣ್ಣೆ ಸುರಿಯುತ್ತೇವೆ. ಅನ್ನ ಒಣಗಿದ್ದರೆ ಅದು ತಾನೇ ಬಿಡಿ ಬಿಡಿಯಾಗಿ ಹೊರಳುತ್ತದೆ. ಆಗ ನಾಲ್ಕು ಜನರ ಊಟಕ್ಕೆ ನಾಲ್ಕು ಚಹಾ ಚಮಚೆ, ಎಂದರೆ ತಲೆಗೊಂದು ಚಮಚೆ, ಎಣ್ಣೆ ಸಾಕು. ಮರುದಿನ ನಾವಿಬ್ಬರೂ ಕೂಡಿ ಅದನ್ನೇ ಮಾಡಿ ನೋಡಿದೆವು. ಆ ಕ್ರಮವನ್ನೇ ಈಗ ಹೇಳುತ್ತೇನೆ.

ನಮ್ಮದು ಜೋಳದ ಸೀಮೆ. ಅಕ್ಕಿಯನ್ನು ಅಂಗಡಿಯಿಂದಲೇ ತರಬೇಕು. ತರುವಾಗ ಹಳೆಯ ಅಕ್ಕಿಯನ್ನು ಕೇಳಿ ತನ್ನಿರಿ. ಹೊಸ ಅಕ್ಕಿಯ ಅನ್ನ ಬೇಗ ಅಂಟುತ್ತದೆ. ಸೋನಾ ಮಸೂರಿ ಸಾಕು, ಬಾಸ್ಮತಿಯೇ ಬೇಕೆಂದಿಲ್ಲ. ಕಾಲು ಕಿಲೋ ಅಕ್ಕಿಯನ್ನು ನೀರು ತಿಳಿಯಾಗುವ ತನಕ ಮೂರು ನಾಲ್ಕು ಸಲ ತೊಳೆದು ಇಪ್ಪತ್ತು ನಿಮಿಷ ನೆನೆಯಿಡಬೇಕು. ಆಮೇಲೆ ಎರಡು ಲೀಟರು ನೀರನ್ನು ಕುದಿಸಿ, ಅದರಲ್ಲಿ ಅಕ್ಕಿ ಹಾಕಿ, ಮುಚ್ಚಳವಿಲ್ಲದೆ ಬೇಯಿಸಬೇಕು. ಏಳೆಂಟು ನಿಮಿಷಗಳಾದ ಮೇಲೆ ಒಂದು ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿರಿ. ಹೊರಗೆಲ್ಲ ಮೆತ್ತಗಾಗಿ ನಡುವೆ ಸಾಸಿವೆಯ ಮೊನೆಯಷ್ಟು ಗಟ್ಟಿ ಉಳಿದಿದ್ದರೆ ಅದೇ ಹದ. ಕೂಡಲೇ ಗಂಜಿ ಬಸಿಯಬೇಕು. ಉಳಿದಷ್ಟು ಬೇಯುವದನ್ನು ಅನ್ನದ ಒಳಗಿನ ಬಿಸಿಯೇ ಮಾಡುತ್ತದೆ. ಕುಕ್ಕರಿನಲ್ಲಿ ಮಾಡಲೇಬೇಕಾದರೆ ಒಂದು ಬಟ್ಟಲು ಅಕ್ಕಿಗೆ ಒಂದೂವರೆ ಬಟ್ಟಲಿಗಿಂತ ಹೆಚ್ಚು ನೀರು ಬೇಡ.

ಬಸಿದ ಅನ್ನವನ್ನು ಪಾತ್ರೆಯಲ್ಲೇ ಬಿಟ್ಟರೆ ಉಗಿ ಒಳಗೇ ನಿಂತು ಅನ್ನ ಬೆವರುತ್ತದೆ. ಆದುದರಿಂದ ಅದನ್ನು ಅಗಲವಾದ ಎರಡು ತಾಟುಗಳಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ ಫ್ಯಾನಿನ ಕೆಳಗೆ ಇಡಬೇಕು. ಅರ್ಧ ತಾಸಿನಲ್ಲಿ ಮೇಲ್ಭಾಗ ಒಣಗುತ್ತದೆ. ಅಂಗೈಯಲ್ಲಿ ಹಿಡಿದು ಬಿಟ್ಟರೆ ಅಗುಳು ಕೈಗೆ ಅಂಟದೆ ಉದುರಬೇಕು. ಅಂಟಿದರೆ ಇನ್ನೂ ಹತ್ತು ನಿಮಿಷ ಕಾಯಿರಿ. ಇಲ್ಲಿ ಕಾದ ಹತ್ತು ನಿಮಿಷ ಮುಂದೆ ಎಷ್ಟೋ ಎಣ್ಣೆಯನ್ನು ಉಳಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಫ್ರೈಡ್ ರೈಸಿಗೆ ಹಳೆಯ ಅನ್ನವೇ ಚಲೋ’ ಎಂದು ಹಲವರು ಹೇಳುತ್ತಾರೆ. ಒಣಗಿದ ಅನ್ನ ಎಂಬ ಅರ್ಥದಲ್ಲಿ ಅದು ಸರಿ. ಆದರೆ ಬೆಳಿಗ್ಗೆ ಮಾಡಿದ ಅನ್ನವನ್ನು ಸಂಜೆಯವರೆಗೆ ಅಡಿಗೆಮನೆಯಲ್ಲಿ ಹಾಗೆಯೇ ಇಟ್ಟು ಹುಡುಗರಿಗೆ ಹುರಿದು ಕೊಡುವದು ಸರಿಯಲ್ಲ. ಅಕ್ಕಿಯಲ್ಲಿ ಒಂದು ಜಾತಿಯ ಸೂಕ್ಷ್ಮ ಜೀವಿಯ ಬೀಜಾಣುಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವದಿಲ್ಲ. ಅನ್ನ ಬೆಚ್ಚಗೆ ಉಳಿದಷ್ಟು ಹೊತ್ತು ಅವು ಮೊಳೆತು ಬೆಳೆದು ಒಂದು ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಎಷ್ಟು ಹುರಿದರೂ ಹೋಗುವದಿಲ್ಲ. ಅನ್ನಕ್ಕೆ ವಾಸನೆ ಬರಲೇಬೇಕೆಂದೂ ಇಲ್ಲ. ತಿಂದ ಒಂದು ತಾಸಿನಿಂದ ಆರು ತಾಸಿನೊಳಗೆ ವಾಂತಿ ಆರಂಭವಾಗುತ್ತದೆ. ನಮ್ಮ ಕಡೆಯ ಬೇಸಿಗೆಯ ಸೆಕೆ ಇದಕ್ಕೆ ತೀರ ಅನುಕೂಲ. ಆದುದರಿಂದ ತಾಟಿನಲ್ಲಿ ಆರಿಸಿದ ಅನ್ನವನ್ನು ಎರಡು ತಾಸಿನೊಳಗೆ ಹುರಿದು ಉಣ್ಣಬೇಕು. ಮರುದಿನಕ್ಕೆ ಬೇಕಾದರೆ ಒಂದು ತಾಸಿನೊಳಗೇ ಆರಿಸಿ ತಂಪುಪೆಟ್ಟಿಗೆಯಲ್ಲಿಡಬೇಕು; ಮರುದಿನ ಒಂದೇ ಸಲ, ಹೊಗೆಯಾಡುವಷ್ಟು ಬಿಸಿಮಾಡಿ ಮುಗಿಸಬೇಕು. ತಂಪುಪೆಟ್ಟಿಗೆ ಇಲ್ಲದವರು ಆ ದಿನದ ಅನ್ನದಿಂದಲೇ ಮಾಡುವದು ಕ್ಷೇಮ.

ಇನ್ನು ಕಾಯಿಪಲ್ಯ. ಕಾಲು ಕಿಲೋ ಅಕ್ಕಿಗೆ ಎರಡು ಗಜ್ಜರಿ, ಒಂದು ಹಿಡಿ ಎಳೆಯ ಚವಳಿಕಾಯಿ, ಒಂದು ಡಬ್ಬು ಮೆಣಸಿನಕಾಯಿ, ಸಣ್ಣ ಎಲೆಕೋಸಿನ ಕಾಲು ಭಾಗ, ಒಂದು ಸೂಡು ಉಳ್ಳಾಗಡ್ಡಿ ತಪ್ಪಲ ಸಾಕು. ಚವಳಿಕಾಯಿಯ ಸಣ್ಣ ಕಹಿಗೆ ಹುಡುಗರು ಮುಖ ಸಿಂಡರಿಸುವದುಂಟು. ಅದನ್ನು ನಾರು ತೆಗೆದು ಸಣ್ಣಗೆ ಹೆಚ್ಚಿ ನಾಲ್ಕೈದು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿದರೆ ಕಹಿ ಬಹಳಷ್ಟು ಇಳಿಯುತ್ತದೆ. ಹೆಸರುಕಾಳಿನ ಮೊಳಕೆ ಮನೆಯಲ್ಲಿದ್ದರೆ ಒಂದು ಹಿಡಿಯನ್ನು ಐದು ನಿಮಿಷ ಉಗಿಯಲ್ಲಿ ಬೇಯಿಸಿ ಕೂಡಿಸಿರಿ. ಬರೀ ಅನ್ನ ಕಾಯಿಪಲ್ಯಗಳಲ್ಲಿ ಕಡಿಮೆಯಾಗುವ ಪುಷ್ಟಿ ಅದರಿಂದ ಬರುತ್ತದೆ. ಮೊಟ್ಟೆ ನಡೆಯುವ ಮನೆಗಳಲ್ಲಿ ಒಂದು ಮೊಟ್ಟೆಯನ್ನು ಮೊದಲೇ ಬೇರೆಯಾಗಿ ಹುರಿದಿಟ್ಟು ಕೊನೆಗೆ ಕೂಡಿಸಬಹುದು.

ಕಾಯಿಪಲ್ಯಗಳನ್ನೆಲ್ಲ ಬೆಂಕಿಕಡ್ಡಿಯಂತೆ ತೆಳ್ಳಗೆ ಹೆಚ್ಚಬೇಕು. ಅದು ಬರೀ ಅಂದಕ್ಕಲ್ಲ. ತೆಳ್ಳಗಿದ್ದರೆ ಎರಡು ನಿಮಿಷದಲ್ಲಿ ಹದವಾಗುತ್ತದೆ. ದಪ್ಪಗಿದ್ದರೆ ಒಳಗೆ ಬೇಯುವ ಹೊತ್ತಿಗೆ ಹೊರಗೆ ನೀರು ಬಿಟ್ಟಿರುತ್ತದೆ. ತೊಳೆದ ಮೇಲೆ ಹೆಚ್ಚುವದಕ್ಕೆ ಮುಂಚೆ ಅರಿವೆಯಿಂದ ಒರೆಸುವದನ್ನೂ ಮರೆಯಬಾರದು.

ಹುರಿಯುವದಕ್ಕೆ ಕಬ್ಬಿಣದ ಕಡಾಯಿಯೇ ಉತ್ತಮ. ಅಂಟದಂತೆ ಲೇಪ ಕೊಟ್ಟ ಪಾತ್ರೆಗಳನ್ನು ಬರಿದಾಗಿ ಇಷ್ಟು ಕಾಯಿಸಬಾರದು, ಲೇಪ ಕೆಡುತ್ತದೆ. ಗಾಡಿಯವರ ಒಲೆಯ ಉರಿ ನಮ್ಮ ಮನೆಯ ಗ್ಯಾಸಿನ ಉರಿಗಿಂತ ಎಷ್ಟೋ ಪಾಲು ದೊಡ್ಡದು. ಅವರು ಒಮ್ಮೆಲೇ ನಾಲ್ಕು ತಾಟಿನಷ್ಟು ಹುರಿಯಬಲ್ಲರು. ನಮಗೆ ಅದು ಸಾಧ್ಯವಿಲ್ಲ. ಕಡಾಯಿ ತುಂಬಿದರೆ ಅದರ ಕಾವು ಇಳಿದು, ಹುರಿಯುವದರ ಬದಲು ಬೇಯತೊಡಗುತ್ತದೆ. ಆದುದರಿಂದ ಸಾಮಗ್ರಿಯನ್ನು ಎರಡು ಪಾಲು ಮಾಡಿ, ಒಂದೊಂದು ಪಾಲನ್ನು ಎರಡೆರಡು ಚಮಚೆ ಎಣ್ಣೆಯಲ್ಲಿ ಹುರಿಯಬೇಕು. ನಮ್ಮ ಶೇಂಗಾ ಎಣ್ಣೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಕಡಾಯಿ ಕಾದಿದೆಯೋ ಇಲ್ಲವೋ ತಿಳಿಯಲು ಒಂದು ಹನಿ ನೀರು ಚಿಮುಕಿಸಿರಿ. ಹನಿ ಅಲ್ಲೇ ಕುಳಿತು ಗುಳ್ಳೆಯೆದ್ದರೆ ಕಾದಿಲ್ಲ. ಮುತ್ತಿನಂತೆ ಓಡಾಡಿ ಮಾಯವಾದರೆ ಕಾದಿದೆ. ಆ ನೀರು ಪೂರ್ತಿ ಆರಿದ ಮೇಲೆ ಎಣ್ಣೆ ಹಾಕಿ, ಕಡಾಯಿಯನ್ನು ತಿರುಗಿಸಿ, ತಳಕ್ಕೆಲ್ಲ ಹರಡಿರಿ. ಸಣ್ಣಗೆ ಹೆಚ್ಚಿದ ಬಳ್ಳೊಳ್ಳಿ ಮೂರು ಎಸಳು, ಅರ್ಧ ಅಂಗುಲ ಅಲ್ಲ ಹಾಕಿ ಹತ್ತು ಎಣಿಸುವಷ್ಟು ಹೊತ್ತು ತಿರುವಿರಿ. ಬಳ್ಳೊಳ್ಳಿ ಕಂದಿದರೆ ಕಹಿಯಾಗುತ್ತದೆ. ಮೊದಲು ಗಜ್ಜರಿ, ಒಂದು ನಿಮಿಷ. ಆಮೇಲೆ ಚವಳಿಕಾಯಿ ಮತ್ತು ಡಬ್ಬು ಮೆಣಸಿನಕಾಯಿ, ಅರ್ಧ ನಿಮಿಷ. ಎಲ್ಲಕ್ಕೂ ಕೊನೆಗೆ ಎಲೆಕೋಸು. ಅದು ಬೇಗ ನೀರು ಬಿಡುವ ಜಾತಿ; ಮೊದಲೇ ಹಾಕಿದರೆ ಉಳಿದವೆಲ್ಲ ಅದರ ನೀರಿನಲ್ಲಿ ಕುದಿಯುತ್ತವೆ. ಇಲ್ಲಿಯವರೆಗೆ ಉಪ್ಪು ಹಾಕಕೂಡದು. ಉಪ್ಪು ಬಿದ್ದೊಡನೆ ಕಾಯಿಪಲ್ಯದ ಒಳಗಿನ ನೀರು ಹೊರಗೆ ಬರುತ್ತದೆ. ನನ್ನ ತಂಗಿಯ ಕಡಾಯಿಯಲ್ಲಿ ಮೊದಲ ದಿನ ಆದದ್ದೇ ಅದು.

ಈಗ ಅನ್ನವನ್ನು ಹಾಕಿ ಹರಡಿ, ಅರ್ಧ ನಿಮಿಷ ಕೈ ಹಚ್ಚದೆ ಬಿಡಿರಿ. ಅಗುಳಿಗೆ ಕಬ್ಬಿಣದ ಕಾವು ತಾಕಬೇಕು. ಆಮೇಲೆ ದೋಸೆ ಮಗುಚುವ ಚಪ್ಪಟೆ ಸೌಟಿನಿಂದ ತಳದಿಂದೆತ್ತಿ ಮಗುಚಿರಿ; ಒತ್ತಬಾರದು, ಕಿವುಚಬಾರದು. ಇದನ್ನು ಮೂರು ನಾಲ್ಕು ಸಲ ಮಾಡಿರಿ.

ಇಷ್ಟು ಹೊತ್ತು ನಿಮ್ಮ ಕಿವಿ ಕಡಾಯಿಯ ಕಡೆಗಿರಲಿ. ಹುರಿಯುವಾಗ ‘ಚರ ಚರ’ ಎಂಬ ಒಣ ಸಪ್ಪಳ ಇದ್ದರೆ ಎಲ್ಲವೂ ಸರಿಯಾಗಿದೆ. ಅದು ಇಳಿದು ಸಾರು ಕುದಿಯುವಂಥ ‘ಕೊತ ಕೊತ’ ಸಪ್ಪಳವಾದರೆ ನೀರು ಬಂದಿದೆ ಎಂದು ತಿಳಿಯಿರಿ. ಆಗ ಎಣ್ಣೆಯ ಡಬ್ಬಿಗೆ ಕೈ ಹಾಕಬೇಡಿರಿ. ಉರಿ ದೊಡ್ಡದು ಮಾಡಿ, ಅರ್ಧವನ್ನು ತಾಟಿಗೆ ತೆಗೆದು, ಉಳಿದದ್ದನ್ನು ಹರಡಿರಿ. ಸಪ್ಪಳ ತಿರುಗಿ ಬರುತ್ತದೆ. ತಂಗಿಯ ಮನೆಯಲ್ಲಿ ಎರಡನೆಯ ಪಾಲು ಹಾಕಿದಾಗ ಹೀಗೆಯೇ ಆಯಿತು; ಅನ್ನ ಸ್ವಲ್ಪ ಹೆಚ್ಚು ಬಿದ್ದಿತ್ತು. ಒಳಗಿನಿಂದ ಮಗನೇ ಕೂಗಿದ: “ಅವ್ವಾ, ಸಪ್ಪಳ ನಿಂತತಿ!”

ಇನ್ನುಳಿದದ್ದು ಸಾಸು ಮತ್ತು ಬಣ್ಣ. ಹುಡುಗರ ಕಣ್ಣು ಮೊದಲು ಹೋಗುವದು ಕೆಂಪಿನ ಕಡೆಗೆ. ಈ ಕೆಂಪಿನ ವಿಷಯ ನಿಮಗೆ ನೆನಪಿರಬಹುದು. 2024ರ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವದನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಕಂಡುಬಂದಿತ್ತು. ಎಲ್ಲ ಗಾಡಿಯವರೂ ಹಾಗೆಂದು ನಾನು ಹೇಳುವದಿಲ್ಲ. ಆದರೆ ಕೆಂಪು ಬೇಕೆಂದರೆ ನಮಗೆ ಡಬ್ಬಿಯ ಪುಡಿ ಬೇಕಿಲ್ಲ, ಬ್ಯಾಡಗಿ ಮೆಣಸಿನಕಾಯಿ ಇದೆ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ನಾಲ್ಕು ಕಾಯಿಗಳ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ತಾಸು ನೆನೆಯಿಟ್ಟು, ಎರಡು ಎಸಳು ಬಳ್ಳೊಳ್ಳಿಯೊಂದಿಗೆ ನುಣ್ಣಗೆ ಅರೆಯಿರಿ. ಮುಧೋಳದ ಕಡೆಯ ಬೆಲ್ಲ ಒಂದು ಚಿಟಿಕೆ ಕೂಡಿಸಿದರೆ ಅಂಗಡಿಯ ಸಾಸಿನ ಸಿಹಿಯೂ ಬಂದಂತಾಯಿತು. ಇದರಲ್ಲಿ ನೀರಿನ ಅಂಶ ಇರುವದರಿಂದ ಇದನ್ನು ಕಾಯಿಪಲ್ಯದ ಹಂತದಲ್ಲೇ, ಅನ್ನ ಹಾಕುವ ಮುಂಚೆ, ಹಾಕಿ ಒಣಗುವ ತನಕ ಹುರಿಯಬೇಕು.

ಸೋಯಾ ಸಾಸಿನ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಅದು ಬಹುಮಟ್ಟಿಗೆ ಉಪ್ಪುನೀರೇ. ಒಂದು ಚಹಾ ಚಮಚೆಯಲ್ಲಿ ಸುಮಾರು ಮುಕ್ಕಾಲು ಗ್ರಾಂ ಉಪ್ಪು ಇರುತ್ತದೆ. ದೊಡ್ಡವರಿಗೇ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ನಾಲ್ಕು ಜನರ ಅನ್ನಕ್ಕೆ ಎರಡು ಚಮಚೆ ಸೋಯಾ ಸಾಸು ಹಾಕಿದರೆ ಬೇರೆ ಉಪ್ಪು ಅರ್ಧ ಚಮಚೆ ಸಾಕು. ಸಾಸನ್ನು ಅನ್ನದ ಮೇಲೆ ಸುರಿಯದೆ, ಕಡಾಯಿಯ ಕಾದ ಅಂಚಿನ ಸುತ್ತ ಹನಿಹನಿಯಾಗಿ ಬಿಡಿರಿ. ಅದು ಕಬ್ಬಿಣಕ್ಕೆ ತಾಕಿ ಒಂದು ಕ್ಷಣ ಕುದಿದು ಅನ್ನಕ್ಕೆ ಇಳಿಯುತ್ತದೆ. ಗಾಡಿಯ ಆ ವಾಸನೆಯ ಒಂದು ಪಾಲು ಇದರಿಂದಲೇ ಬರುತ್ತದೆ. ಒಲೆ ಆರಿಸಿದ ಮೇಲೆ ಸಿರ್ಕಾದ ಬದಲು ಅರ್ಧ ಲಿಂಬೆಯ ರಸ ಹಿಂಡಿ, ಉಳ್ಳಾಗಡ್ಡಿ ತಪ್ಪಲ ಉದುರಿಸಿರಿ. ಹುಳಿ ಇದ್ದರೆ ಉಪ್ಪು ಕಡಿಮೆಯಾದದ್ದು ನಾಲಗೆಗೆ ತಿಳಿಯುವದಿಲ್ಲ.

ಫ್ರೈಡ್ ರೈಸಿನ ಮಾತು ಇಷ್ಟಾಯಿತು. ನೂಡಲ್ಸಿನ ಗುಟ್ಟೂ ಇದೇ: ನೀರನ್ನು ಕಳೆಯುವದು. ಅಂಗಡಿಯಲ್ಲಿ ಸಿಗುವ ಎರಡು ನಿಮಿಷದ ಪೊಟ್ಟಣಗಳಲ್ಲಿ ಹೆಚ್ಚಿನವನ್ನು ತಯಾರಿಸುವಾಗಲೇ ಎಣ್ಣೆಯಲ್ಲಿ ಕರಿದಿರುತ್ತಾರೆ. ನಾವು ಹನಿ ಎಣ್ಣೆ ಹಾಕದಿದ್ದರೂ ಎಣ್ಣೆ ಒಳಗೇ ಇರುತ್ತದೆ. ಪೊಟ್ಟಣದ ಹಿಂದೆ ಕೊಬ್ಬಿನ ಅಂಶ ಎಷ್ಟೆಂದು ಅಚ್ಚಾಗಿರುವದನ್ನು ಓದಿ ನೋಡಿರಿ. ಅದರ ಬದಲು ಬೇಸಿಗೆಯಲ್ಲಿ ನಾವೇ ಹೊಸೆದು, ನೂಲಿನಂತೆ ಬಿಸಿಲಿಗೆ ಹಾಕಿ, ಡಬ್ಬಿ ತುಂಬಿಟ್ಟ ಗೋಧಿಯ ಶಾವಿಗೆ ಮನೆಯಲ್ಲೇ ಇದೆಯಲ್ಲ! ಹಬ್ಬದಲ್ಲಿ ಹಾಲು ಸಕ್ಕರೆ ಹಾಕಿ ಉಣ್ಣುವ ಅದೇ ಶಾವಿಗೆ.

ನಾಲ್ಕು ಜನರಿಗೆ ಇನ್ನೂರು ಗ್ರಾಂ ಶಾವಿಗೆಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ, ತಿಳಿಗೆಂಪಾಗುವ ತನಕ ಹುರಿಯಿರಿ. ಹುರಿದ ಶಾವಿಗೆ ಬೆಂದಾಗ ಬೇಗ ಮುದ್ದೆಯಾಗುವದಿಲ್ಲ. ಎರಡು ಲೀಟರು ನೀರು ಚೆನ್ನಾಗಿ ಕುದಿಯುತ್ತಿರುವಾಗ ಹಾಕಿ, ಒಂದು ನಿಮಿಷವಾದೊಡನೆ ಒಂದು ಎಳೆ ಕಚ್ಚಿ ನೋಡಿರಿ. ಸಣ್ಣ ಎಳೆಗೆ ಒಂದೆರಡು ನಿಮಿಷ ಸಾಕು. ಕೈಯಲ್ಲಿ ಹೊಸೆದ ದಪ್ಪ ಎಳೆಗೆ ಇನ್ನಷ್ಟು ಬೇಕು. ಕಚ್ಚಿದಲ್ಲಿ ಎಳೆಯ ನಡುವೆ ಸೂಜಿಯ ಮೊನೆಯಷ್ಟು ಬಿಳಿ ಚುಕ್ಕೆ ಇರುವಾಗಲೇ ಬಸಿದು, ಮೇಲೆ ತಣ್ಣೀರು ಸುರಿದು, ಹತ್ತು ನಿಮಿಷ ಜಾಲರಿಯಲ್ಲಿ ಸೋರಲು ಬಿಡಿರಿ. ನಾಲ್ಕು ಚಮಚೆ ಎಣ್ಣೆಯಲ್ಲಿ ಒಂದನ್ನು ಇಲ್ಲಿಯೇ ಬೆರಳಿನಿಂದ ಎಳೆಗಳಿಗೆ ಸವರಿ, ತಾಟಿನಲ್ಲಿ ಹರಡಿರಿ. ಉಳಿದ ಮೂರು ಚಮಚೆ ಹುರಿಯುವದಕ್ಕೆ. ಮುಂದೆ ಕಾಯಿಪಲ್ಯದ ಕ್ರಮ ಹಿಂದೆ ಹೇಳಿದಂತೆಯೇ. ಆದರೆ ಶಾವಿಗೆಯನ್ನು ಸೌಟಿನಿಂದ ಮಗುಚಿದರೆ ತುಂಡಾಗುತ್ತದೆ. ಎರಡು ಮುಳ್ಳು ಚಮಚೆಗಳಿಂದ ಎತ್ತಿ ಎತ್ತಿ ಬಿಡಬೇಕು; ಒಂದು ನಿಮಿಷಕ್ಕಿಂತ ಹೆಚ್ಚು ಒಲೆಯ ಮೇಲೆ ಇಡಬಾರದು. ಅಂಗಡಿಯ ನೂಡಲ್ಸಿನ ರಬ್ಬರಿನಂಥ ಎಳೆತ ಇದಕ್ಕೆ ಬರುವದಿಲ್ಲ. ಗೋಧಿಯ ರುಚಿ ಮಾತ್ರ ಬರುತ್ತದೆ.

ಅಂದು ಬನಹಟ್ಟಿಯಲ್ಲಿ ಮೊದಲ ಪಾಲು ತಾಟಿಗೆ ಬಂದಾಗ ಮಗಳು ಚವಳಿಕಾಯಿಯನ್ನು ಬದಿಗೆ ತೆಗೆಯದೆ ಉಂಡಳು. ಮಗ ಮಾತ್ರ ಸ್ವಲ್ಪ ಯೋಚಿಸಿ, “ಗಾಡಿದರಾಗ ಹೊಗಿ ವಾಸನಿ ಇನ್ನಷ್ಟ ಇರತೈತಿ,” ಎಂದ. ಅವನು ಹೇಳಿದ್ದು ನಿಜ. ಮನೆಯ ಒಲೆಯಲ್ಲಿ ಅದು ಪೂರ್ತಿ ಬರುವದಿಲ್ಲ. ಆದರೂ ಅವನು ಎರಡನೆಯ ಸಲ ತಾಟು ಮುಂದೆ ಹಿಡಿದ. ತಂಗಿ ಎಣ್ಣೆಯ ಡಬ್ಬಿಯನ್ನು ಎತ್ತಿ ನೋಡಿದಳು. ಹಿಂದಿನ ದಿನ ಒಂದು ಬಟ್ಟಲು ಹೋಗಿತ್ತು. ಅಂದು ಹೋದದ್ದು ನಾಲ್ಕು ಚಮಚೆ.